ಕೆಟ್ಟ ಪಿಪಿಟಿಯನ್ನು ಸರಿಪಡಿಸುವ ಮುನ್ನ ಗಡಿಯಾರ ನೋಡಿ

ಕಂಪ್ಯೂಟರ್‌ನಲ್ಲಿ ಕೆಲಸ ಮಾಡುವವರಿಗೆ ಬಹಳ ವರ್ಷ ಒಂದು ಧೈರ್ಯವಿತ್ತು. ಪಿಪಿಟಿಯಲ್ಲಿ ಏನಾದರೂ ಎಡವಟ್ಟಾದರೆ ಫೈಲನ್ನು ಮುಚ್ಚಿಬಿಡುವುದು, ಸೇವ್ ಮಾಡಬೇಕೇ ಎಂದು ಕೇಳಿದಾಗ ಬೇಡ ಎನ್ನುವುದು. ಮತ್ತೆ ತೆರೆದರೆ ಬೆಳಗಿನ ಫೈಲು ಬೆಳಗಿನಂತೆಯೇ ಸಿಗುತ್ತಿತ್ತು. ಸೇವ್ ಮಾಡದಿರುವುದೇ ನಮ್ಮ ರಕ್ಷಣೆಯಾಗಿತ್ತು.

ಈಗ ಆ ದಾರಿ ಹೆಚ್ಚಿನ ಕಡೆ ಮುಚ್ಚಿದೆ. ಪಿಪಿಟಿ ಒನ್‌ಡ್ರೈವ್‌ನಲ್ಲೋ ಗೂಗಲ್ ಡ್ರೈವ್‌ನಲ್ಲೋ ಇದ್ದರೆ, ನಾವು ಮಾಡಿದ ಪ್ರತಿ ಬದಲಾವಣೆಯೂ ಕೆಲವೇ ಸೆಕೆಂಡುಗಳಲ್ಲಿ ತಾನಾಗಿಯೇ ಸೇವ್ ಆಗುತ್ತದೆ. ಒಳ್ಳೆಯ ಬದಲಾವಣೆಯನ್ನು ಉಳಿಸಿಕೊಳ್ಳುವಷ್ಟೇ ನಿಷ್ಠೆಯಿಂದ ಅದು ನಮ್ಮ ತಪ್ಪನ್ನೂ ಉಳಿಸಿಕೊಳ್ಳುತ್ತದೆ. ಮುಚ್ಚುವಾಗ ಯಾರೂ ಏನೂ ಕೇಳುವುದಿಲ್ಲ. ಹಾಗೆಂದು ಹಳೆಯದು ಹೋಯಿತು ಎಂದು ಕೈಚೆಲ್ಲಬೇಕಾಗಿಲ್ಲ. ಸೇವ್ ಆಗುತ್ತಾ ಬಂದ ಹಿಂದಿನ ಆವೃತ್ತಿಗಳು ಫೈಲಿನ ಹಿಂದೆಯೇ ಸಾಲಾಗಿ ಇರುತ್ತವೆ. ಅವನ್ನು ಹೇಗೆ ಹುಡುಕಬೇಕು, ಸಿಕ್ಕ ಮೇಲೆ ಏನು ಮಾಡಬೇಕು, ಮುಖ್ಯವಾಗಿ ಏನು ಮಾಡಬಾರದು ಎಂಬುದು ಗೊತ್ತಿದ್ದರೆ ಸಾಕು.

ಒಂದೇ ಥರ ಕೇಳಿಸುವ ಮೂರು ವ್ಯವಸ್ಥೆಗಳು

ಪವರ್‌ಪಾಯಿಂಟ್‌ನಲ್ಲಿ ಮೂರು ಬೇರೆ ಬೇರೆ ಏರ್ಪಾಡುಗಳಿವೆ. ಇವುಗಳನ್ನು ಒಂದೇ ಎಂದುಕೊಳ್ಳುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ.

ಮೊದಲನೆಯದು AutoSave. ಕಿಟಕಿಯ ಮೇಲ್ತುದಿಯಲ್ಲಿ ಎಡಕ್ಕೆ ಇದರ ಸಣ್ಣ ಸ್ವಿಚ್ಚು ಕಾಣುತ್ತದೆ. ಮೈಕ್ರೋಸಾಫ್ಟ್ 365 ಚಂದಾ ಇದ್ದು, ಫೈಲು ಒನ್‌ಡ್ರೈವ್ ಅಥವಾ ಶೇರ್‌ಪಾಯಿಂಟ್‌ನಲ್ಲಿದ್ದರೆ ಮಾತ್ರ ಇದು ಕೆಲಸ ಮಾಡುತ್ತದೆ. ಫೈಲು ಹಳೆಯ .ppt ಮಾದರಿಯದ್ದಾಗಿದ್ದರೆ ಅಥವಾ ಪಾಸ್‌ವರ್ಡ್ ಹಾಕಿ ಬೀಗ ಹಾಕಿದ್ದರೆ ಇದು ನಡೆಯುವುದಿಲ್ಲ.

ಎರಡನೆಯದು AutoRecover. ಇದು ಕರೆಂಟು ಹೋದಾಗ ಅಥವಾ ಪ್ರೋಗ್ರಾಂ ತಾನಾಗಿ ನಿಂತುಹೋದಾಗ ಕೆಲಸಕ್ಕೆ ಬರುವಂಥದ್ದು. ನಾವು ಬದಲಿಸದಿದ್ದರೆ 10 ನಿಮಿಷಕ್ಕೊಮ್ಮೆ ಕೆಲಸದ ಪ್ರತಿಯೊಂದನ್ನು ಕಂಪ್ಯೂಟರ್‌ನಲ್ಲೇ ಬದಿಗಿಟ್ಟುಕೊಂಡು, ಮತ್ತೆ ತೆರೆದಾಗ ಮುಂದಿಡುತ್ತದೆ. ನಿನ್ನೆ ಮಧ್ಯಾಹ್ನದ ಪಿಪಿಟಿ ಹೇಗಿತ್ತು ಎಂದು ಕೇಳಿದರೆ ಇದರ ಬಳಿ ಉತ್ತರವಿಲ್ಲ.

ಮೂರನೆಯದು Version History. ಆಯಾ ಹೊತ್ತಿಗೆ ಫೈಲು ಹೇಗಿತ್ತು ಎಂಬುದರ ಸಾಲು ಇಲ್ಲಿರುತ್ತದೆ. ಪ್ರತಿ ಆವೃತ್ತಿಯ ಪಕ್ಕದಲ್ಲಿ ದಿನಾಂಕ, ಹೊತ್ತು ಮತ್ತು ಬದಲಿಸಿದವರ ಹೆಸರು ಕಾಣುತ್ತದೆ. ಅಚಾತುರ್ಯದಿಂದ ಆದ ಬದಲಾವಣೆಯನ್ನು ಹಿಂದಕ್ಕೆ ತರಲು ನಾವು ಹೋಗಬೇಕಾದ ಜಾಗ ಇದೇ.

ಇವೆಲ್ಲಕ್ಕೂ ಮುಂಚೆ Ctrl+Z ಇದ್ದೇ ಇದೆ. ಫೈಲು ಇನ್ನೂ ತೆರೆದೇ ಇದ್ದರೆ ಮೊದಲು ಅದನ್ನೇ ಪ್ರಯತ್ನಿಸಬೇಕು. ಆದರೆ ಪವರ್‌ಪಾಯಿಂಟ್ ಸಾಮಾನ್ಯವಾಗಿ ಹಿಂದಿನ 20 ಹೆಜ್ಜೆಗಳನ್ನು ಮಾತ್ರ ನೆನಪಿಟ್ಟುಕೊಳ್ಳುತ್ತದೆ. ಫೈಲು ಮುಚ್ಚಿದರೆ ಅದೂ ಅಳಿಸಿಹೋಗುತ್ತದೆ. ಆದ್ದರಿಂದ ತಪ್ಪು ಕಣ್ಣಿಗೆ ಬಿದ್ದ ಕೂಡಲೇ ಗಾಬರಿಯಿಂದ ಫೈಲು ಮುಚ್ಚುವ ಹಳೆಯ ಅಭ್ಯಾಸವನ್ನು ಬಿಡಬೇಕು.

ಮಹಾಸಭೆಯ ಪಿಪಿಟಿ

ಇನ್ನು ಒಂದು ಸಂದರ್ಭವನ್ನು ಇಟ್ಟುಕೊಂಡು ನೋಡೋಣ. ತಾಲ್ಲೂಕು ಕೇಂದ್ರದ ಒಂದು ಪತ್ತಿನ ಸಹಕಾರ ಸಂಘ. ಸೆಪ್ಟೆಂಬರ್‌ನಲ್ಲಿ ವಾರ್ಷಿಕ ಮಹಾಸಭೆ. ಷೇರುದಾರರ ಮುಂದೆ ಠೇವಣಿ, ಸಾಲ, ವಸೂಲಾತಿ, ಲಾಭಾಂಶದ ಲೆಕ್ಕ ತೋರಿಸಲು 36 ಸ್ಲೈಡುಗಳ ಪಿಪಿಟಿ ತಯಾರಾಗುತ್ತಿದೆ. ಫೈಲು ಕಂಪ್ಯೂಟರ್ ಆಪರೇಟರ್ ಆಗಿರುವ ಹೆಣ್ಣುಮಗಳ ಒನ್‌ಡ್ರೈವ್‌ನಲ್ಲಿದೆ. ಲೆಕ್ಕಿಗರು ಮತ್ತು ಕಾರ್ಯದರ್ಶಿ ತಮ್ಮ ತಮ್ಮ ಮೇಜಿನಿಂದಲೇ ಅದನ್ನು ತೆರೆದು ತಿದ್ದುತ್ತಾರೆ.

ಇಂಥ ಪಿಪಿಟಿಗಳಲ್ಲಿ ನಮ್ಮಲ್ಲೇ ಕಾಣುವ ಒಂದು ತೊಡಕಿದೆ. ಕೆಲವು ಸ್ಲೈಡುಗಳನ್ನು ಈಚೆಗೆ ಯೂನಿಕೋಡ್‌ನಲ್ಲಿ ಟೈಪ್ ಮಾಡಿರುತ್ತಾರೆ. ಕೆಲವನ್ನು ಹಳೆಯ ವರ್ಷದ ಫೈಲಿನಿಂದ ಎತ್ತಿಟ್ಟಿರುತ್ತಾರೆ, ಅವು ನುಡಿಯ ಹಳೆಯ ಫಾಂಟ್‌ಗಳಲ್ಲಿರುತ್ತವೆ. ಇಲ್ಲಿ 8ರಿಂದ 19ರವರೆಗಿನ 12 ಸ್ಲೈಡುಗಳು Nudi 01 e ಫಾಂಟ್‌ನಲ್ಲಿವೆ, ಉಳಿದವು ಯೂನಿಕೋಡ್‌ನಲ್ಲಿ. ನುಡಿಯ ಆ ಹಳೆಯ ಫಾಂಟ್‌ಗಳಲ್ಲಿ ಕಂಪ್ಯೂಟರ್ ಒಳಗೆ ಇರುವುದು ರೋಮನ್ ಲಿಪಿಯ ಸಂಕೇತಗಳು. ಅವುಗಳ ಮೇಲೆ ಕನ್ನಡದ ಆಕಾರ ಬರೆಯುವುದು ಫಾಂಟ್ ಮಾತ್ರ. ಫಾಂಟ್ ಬದಲಾದರೆ ಕನ್ನಡ ಮಾಯ.

ಬೆಳಿಗ್ಗೆ 11.20ಕ್ಕೆ ಆಪರೇಟರ್ ಎಲ್ಲವೂ ಒಂದೇ ರೀತಿ ಕಾಣಲಿ ಎಂದು Replace Fonts ತೆರೆದು, Nudi 01 e ಇರುವ ಕಡೆಯೆಲ್ಲ Nirmala UI ಬರುವಂತೆ ಮಾಡಿದರು. ಆಗ ಪರದೆಯಲ್ಲಿದ್ದದ್ದು ಮೊದಲ ಸ್ಲೈಡು. ಅದು ಯೂನಿಕೋಡ್‌ನಲ್ಲಿದ್ದುದರಿಂದ ಏನೂ ಬದಲಾಗಲಿಲ್ಲ. ಸರಿಯಾಯಿತು ಎಂದುಕೊಂಡು ಫೈಲು ಮುಚ್ಚಿ ಕೌಂಟರಿಗೆ ಹೋದರು. ಆಮೇಲೆ ಲೆಕ್ಕಿಗರು ಕೂತು, 12 ಗಂಟೆಯಿಂದ 3 ಗಂಟೆಯವರೆಗೆ 22ರಿಂದ 30ನೇ ಸ್ಲೈಡಿನವರೆಗೆ ಲೆಕ್ಕಪರಿಶೋಧನೆಯಾದ ಅಂಕಿಗಳನ್ನು ತುಂಬಿದರು. 3.40ಕ್ಕೆ ಕಾರ್ಯದರ್ಶಿ ತೆರೆದು ನೋಡಿದರೆ 8ನೇ ಸ್ಲೈಡಿನಲ್ಲಿ ‘ಸಹಕಾರ ಸಂಘ’ ಎಂದಿದ್ದ ಕಡೆ ಹೀಗಿದೆ:

```
¸ÀºÀPÁgÀ ¸ÀAWÀ
```

“ಇದೇನಮ್ಮಾ, ಎಂಟನೇ ಸ್ಲೈಡಿಂದ ಎಲ್ಲಾ ಹಿಂಗಾಗಿದೆ?”

“ಸರ್, ನಾನು ಬರೀ ಫಾಂಟ್ ಒಂದೇ ಥರ ಮಾಡ್ದೆ. ಬೇರೆ ಏನೂ ಮುಟ್ಟಿಲ್ಲ ಸರ್.”

ಆಕೆ ಹೇಳಿದ್ದು ನಿಜ. ಒಂದಕ್ಷರವೂ ಅಳಿಸಿಲ್ಲ. ಹಾಗಾದರೆ Nirmala UI ಇರುವಲ್ಲೆಲ್ಲ ಮತ್ತೆ ನುಡಿ ಹಾಕಿಬಿಟ್ಟರೆ ಆಯಿತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಆಗುವುದಿಲ್ಲ. ಉಳಿದ ಸ್ಲೈಡುಗಳಲ್ಲಿ ಮೊದಲಿನಿಂದಲೂ Nirmala UI ಇತ್ತು. ಬದಲಾಯಿಸಿದ ಮೇಲೆ ಯಾವುದು ಹಳೆಯ ನುಡಿ, ಯಾವುದು ಮೂಲದಲ್ಲೇ Nirmala UI ಎಂಬ ಗುರುತು ಉಳಿದಿಲ್ಲ. ಎಲ್ಲಕ್ಕೂ ನುಡಿ ಹಾಕಿದರೆ ಇಂಗ್ಲಿಷಿನಲ್ಲಿದ್ದ ಬ್ಯಾಂಕುಗಳ ಹೆಸರು, ಸಂಕ್ಷಿಪ್ತ ಪದಗಳೆಲ್ಲ ಅರ್ಥವಿಲ್ಲದ ಕನ್ನಡ ಅಕ್ಷರಗಳಾಗುತ್ತವೆ. ಹೀಗೆ ಒಂದು ತಪ್ಪಿನ ಮೇಲೆ ಇನ್ನೊಂದು ಕೂರುತ್ತದೆ. ಕೆಡುವುದಕ್ಕೆ ಮುಂಚೆ ಪಿಪಿಟಿ ಹೇಗಿತ್ತೋ ಅದನ್ನೇ ತೆಗೆದು ನೋಡುವುದು ಇದಕ್ಕೆ ಸರಿಯಾದ ದಾರಿ.

ಸರಿಯಾದ ಆವೃತ್ತಿ ಯಾವುದು?

ಮೊದಲ ಕೆಲಸ, ಎಲ್ಲರೂ ಕೈ ತೆಗೆಯುವುದು. ಲೆಕ್ಕಿಗರಿಗೆ ಹೇಳಿ ಅವರ ಕಂಪ್ಯೂಟರಿನಲ್ಲಿ ಫೈಲು ಮುಚ್ಚಿಸಬೇಕು. ಒಬ್ಬರು ರಿಪೇರಿ ಮಾಡುತ್ತಿರುವಾಗ ಇನ್ನೊಬ್ಬರು ಟೈಪ್ ಮಾಡುತ್ತಿದ್ದರೆ ಯಾವುದು ಹೊಸತು ಯಾವುದು ಹಳತು ಎಂಬ ಲೆಕ್ಕ ತಪ್ಪುತ್ತದೆ.

ಎರಡನೆಯದು, ತಪ್ಪು ನಡೆದ ಹೊತ್ತನ್ನು ಗೊತ್ತುಮಾಡಿಕೊಳ್ಳುವುದು. ಆಪರೇಟರ್ ಕೌಂಟರಿಗೆ ಹೋದದ್ದು ಹನ್ನೊಂದೂವರೆಗೆ, ಅದಕ್ಕೆ ಹತ್ತು ನಿಮಿಷ ಮುಂಚೆ ಫಾಂಟ್ ಬದಲಿಸಿದ್ದು. ಅಷ್ಟು ತಿಳಿದರೆ ಸಾಕು.

ಮೂರನೆಯದು, ಕಿಟಕಿಯ ನೆತ್ತಿಯಲ್ಲಿರುವ ಫೈಲಿನ ಹೆಸರಿನ ಮೇಲೆ ಕ್ಲಿಕ್ ಮಾಡಿ Version History ಆರಿಸುವುದು. File ಒತ್ತಿ Info ಪುಟಕ್ಕೆ ಹೋದರೆ ಅಲ್ಲಿಯೂ ಇದು ಸಿಗುತ್ತದೆ. ಬಲಗಡೆ ಆವೃತ್ತಿಗಳ ಪಟ್ಟಿ ತೆರೆಯುತ್ತದೆ. ಪ್ರತಿ ಅಕ್ಷರಕ್ಕೂ ಒಂದು ಆವೃತ್ತಿ ಇರುತ್ತದೆ ಎಂದುಕೊಳ್ಳಬಾರದು. ನಡುನಡುವೆ ಅಂತರವಿರುತ್ತದೆ. ಈ ಪಟ್ಟಿಯಲ್ಲಿ 11.08ರದ್ದು ಒಂದು, 11.24ರದ್ದು ಒಂದು, ಆಮೇಲೆ ಲೆಕ್ಕಿಗರ ಹೆಸರಿನಲ್ಲಿ ಮಧ್ಯಾಹ್ನದ ಕೆಲವು ಇವೆ ಎನ್ನೋಣ. ನಮಗೆ ಬೇಕಾದದ್ದು ತಪ್ಪಿಗೆ ತೀರಾ ಹತ್ತಿರದ, ಆದರೆ ತಪ್ಪಿಗೆ ಮುಂಚಿನ ಆವೃತ್ತಿ, ಅಂದರೆ 11.08ರದ್ದು.

ಅದನ್ನು ತೆರೆದರೆ ಬೇರೊಂದು ಕಿಟಕಿಯಲ್ಲಿ, ಓದಲು ಮಾತ್ರ ಬರುವಂತೆ ತೆರೆದುಕೊಳ್ಳುತ್ತದೆ. ಈಗಿನ ಫೈಲಿಗೆ ಇನ್ನೂ ಏನೂ ಆಗಿಲ್ಲ, ಆದ್ದರಿಂದ ಹೆದರದೆ ತೆರೆದು ನೋಡಬಹುದು. ನೋಡಬೇಕಾದದ್ದು ಎರಡು. 8ನೇ ಸ್ಲೈಡಿನಲ್ಲಿ ಕನ್ನಡ ಸರಿಯಾಗಿದೆಯೇ? ಇದೆ. 22ನೇ ಸ್ಲೈಡಿನಲ್ಲಿ ಲೆಕ್ಕಿಗರ ಹೊಸ ಅಂಕಿಗಳಿವೆಯೇ? ಇಲ್ಲ, ಹಳೆಯ ಕರಡು ಅಂಕಿಗಳೇ ಇವೆ. ಈ ಎರಡನೇ ಉತ್ತರವೇ ಮುಂದಿನ ಹೆಜ್ಜೆಯನ್ನು ತೀರ್ಮಾನಿಸುತ್ತದೆ.

Restore ಗುಂಡಿಯ ಮುಂದೆ ಒಂದು ನಿಮಿಷ

ತೆರೆದ ಹಳೆಯ ಆವೃತ್ತಿಯ ಮೇಲ್ಭಾಗದಲ್ಲಿ Restore ಎಂಬ ಗುಂಡಿ ಎದ್ದು ಕಾಣುತ್ತದೆ. ಕೈ ತಾನಾಗಿಯೇ ಅದರ ಕಡೆ ಹೋಗುತ್ತದೆ. ಆದರೆ ಅದು ಸ್ಲೈಡುಗಳನ್ನು ಬಿಡಿಬಿಡಿಯಾಗಿ ಹಿಂದಕ್ಕೆ ತರುವುದಿಲ್ಲ, ಇಡೀ ಪಿಪಿಟಿಯನ್ನೇ 11.08ಕ್ಕೆ ಒಯ್ಯುತ್ತದೆ. ಕನ್ನಡ ಸರಿಹೋಗುತ್ತದೆ, ಆದರೆ ಲೆಕ್ಕಿಗರ ಮೂರು ಗಂಟೆಯ ಕೆಲಸ ಎದುರಿನ ಫೈಲಿನಿಂದ ಮರೆಯಾಗುತ್ತದೆ. ಸಂಜೆಯ ಅವಸರದಲ್ಲಿ ಅದು ಯಾರ ಗಮನಕ್ಕೂ ಬಾರದೆ, ಪರಿಶೋಧನೆಯಾಗದ ಕರಡು ಅಂಕಿಗಳೇ ಷೇರುದಾರರ ಮುಂದೆ ಬಂದರೆ, ಅದು ಅಕ್ಷರ ಕೆಟ್ಟದ್ದಕ್ಕಿಂತ ದೊಡ್ಡ ಅನಾಹುತ. ಕೆಟ್ಟ ಅಕ್ಷರ ಎಲ್ಲರ ಕಣ್ಣಿಗೂ ಬೀಳುತ್ತದೆ. ಹಳೆಯ ಅಂಕಿ ಸರಿಯಾದ ಅಂಕಿಯ ಹಾಗೆಯೇ ಕಾಣುತ್ತದೆ.

ಆದ್ದರಿಂದ ಕೆಟ್ಟ ಸ್ಲೈಡುಗಳನ್ನಷ್ಟೇ ಹಳೆಯದರಿಂದ ತರಬೇಕು. ಹಳೆಯ ಆವೃತ್ತಿಯ ಕಿಟಕಿಯಲ್ಲಿ ಎಡಗಡೆಯ ಸಣ್ಣ ಸ್ಲೈಡುಗಳ ಸಾಲಿನಲ್ಲಿ 8ನ್ನು ಕ್ಲಿಕ್ ಮಾಡಿ, Shift ಒತ್ತಿ ಹಿಡಿದು 19ನ್ನು ಕ್ಲಿಕ್ ಮಾಡಿದರೆ 12 ಸ್ಲೈಡುಗಳೂ ಆಯ್ಕೆಯಾಗುತ್ತವೆ. Ctrl+C ಒತ್ತಿ. ಈಗಿನ ಫೈಲಿಗೆ ಬಂದು, 7 ಮತ್ತು 8ನೇ ಸ್ಲೈಡುಗಳ ನಡುವಿನ ಜಾಗದಲ್ಲಿ ಬಲ ಗುಂಡಿ ಒತ್ತಿ, ಪೇಸ್ಟ್ ಮಾಡುವ ಬಗೆಗಳಲ್ಲಿ Keep Source Formatting ಆರಿಸಿ. ಇದನ್ನು ಆರಿಸದೆ ಸುಮ್ಮನೆ ಪೇಸ್ಟ್ ಮಾಡಿದರೆ ಬಂದ ಸ್ಲೈಡುಗಳು ಈಗಿನ ಫೈಲಿನ ಥೀಮನ್ನು ತೊಟ್ಟುಕೊಳ್ಳುತ್ತವೆ. ನಡುವೆ ಯಾರಾದರೂ ಥೀಮ್ ಬದಲಿಸಿದ್ದರೆ ಬಣ್ಣ, ಫಾಂಟ್ ಎಲ್ಲ ಮತ್ತೆ ಬೇರೆಯಾಗಬಹುದು.

ಈಗ ಸರಿಯಾದ 12 ಸ್ಲೈಡುಗಳು 8ರಿಂದ 19ರವರೆಗೆ ಕೂತಿವೆ, ಕೆಟ್ಟವು 20ರಿಂದ 31ಕ್ಕೆ ಜಾರಿವೆ. ಕೆಟ್ಟವನ್ನು ಅಳಿಸುವ ಮುಂಚೆ ಒಂದೊಂದನ್ನೂ ಜೋಡಿ ಹಚ್ಚಿ ನೋಡುವುದು ಒಳ್ಳೆಯದು. ಫಾಂಟ್ ಬದಲಾದ ಮೇಲೂ ಆ ಸ್ಲೈಡುಗಳಲ್ಲಿ ಯಾರಾದರೂ ಒಂದು ಅಂಕಿಯನ್ನೋ ಒಂದು ಫೋಟೋವನ್ನೋ ಸೇರಿಸಿರಬಹುದು. ಇಲ್ಲ ಎಂದು ಖಚಿತವಾದ ಮೇಲೆ ಅಳಿಸಿ. ಒಟ್ಟು ಸಂಖ್ಯೆ ಮತ್ತೆ 36 ಆಗಬೇಕು. ಹೆಚ್ಚು ಕಡಿಮೆಯಾದರೆ ಎಲ್ಲೋ ಒಂದು ಉಳಿದಿದೆ, ಇಲ್ಲವೇ ಬೇಕಾದದ್ದೇ ಹೋಗಿದೆ.

ಕೊನೆಗೆ ಒಂದು ಸೂಕ್ಷ್ಮ. ಸಭೆಯ ವಿಷಯಸೂಚಿಯ ಸ್ಲೈಡಿನಲ್ಲಿ ‘ಸಾಲ ವಸೂಲಾತಿ’ ಎಂಬುದನ್ನು ಒತ್ತಿದರೆ 12ನೇ ಸ್ಲೈಡಿಗೆ ಹೋಗುವಂತೆ ಲಿಂಕ್ ಕೊಟ್ಟಿದ್ದರೆ, ಅದು ಅಳಿಸಿದ ಹಳೆಯ ಸ್ಲೈಡಿಗೆ ಕಟ್ಟಿದ ಲಿಂಕು. ಹೊಸದಾಗಿ ಬಂದ 12ಕ್ಕೆ ಅದು ತಾನಾಗಿ ಅಂಟಿಕೊಳ್ಳುವುದಿಲ್ಲ. ಅಂಥ ಲಿಂಕುಗಳನ್ನು ಮತ್ತೆ ಕೊಡಬೇಕು. ಆಮೇಲೆ ಸ್ಲೈಡ್ ಶೋ ಹಾಕಿ ಆದಿಯಿಂದ ಅಂತ್ಯದವರೆಗೆ ಒಂದು ಸಲ ಓಡಿಸಿ ನೋಡಬೇಕು.

ಹಾಗಾದರೆ Restore ಯಾವಾಗ ಒತ್ತಬಹುದು? ತಪ್ಪಾದ ಮೇಲೆ ಬೇರೆ ಯಾರೂ ಏನೂ ಮಾಡಿಲ್ಲ ಎಂದು ಖಚಿತವಾಗಿದ್ದರೆ ನಿಶ್ಚಿಂತೆಯಿಂದ ಒತ್ತಬಹುದು. ಅದು ಎಲ್ಲಕ್ಕಿಂತ ಬೇಗನೆ ಮುಗಿಯುವ ದಾರಿ. ತಪ್ಪಾಗಿ ಒತ್ತಿದರೂ ಬಾಗಿಲು ಮುಚ್ಚಿಹೋಗುವುದಿಲ್ಲ. Restore ಮಾಡುವ ಮುಂಚಿನ ಸ್ಥಿತಿಯೂ ಪಟ್ಟಿಯಲ್ಲೇ ಒಂದು ಆವೃತ್ತಿಯಾಗಿ ಉಳಿಯುತ್ತದೆ, ಅದನ್ನು ತೆರೆದು ಲೆಕ್ಕಿಗರ ಸ್ಲೈಡುಗಳನ್ನು ಇದೇ ರೀತಿ ಎತ್ತಿ ತರಬಹುದು. ಆದರೆ ಅವು ಹೋಗಿವೆ ಎಂದು ಯಾರಾದರೂ ಗಮನಿಸಿದ್ದರೆ ತಾನೇ?

ಕಳೆದ ವರ್ಷದ ಫೈಲಿನ ಮೇಲೆ ಬರೆದಾಗ

ಇದೇ ಸಂಘದಲ್ಲಿ ಆಗಬಹುದಾದ, ಎಲ್ಲ ಕಚೇರಿಗಳಲ್ಲೂ ಆಗುವ ಇನ್ನೊಂದು ತಪ್ಪು ಇದೆ. ಹೊಸ ವರ್ಷದ ಪಿಪಿಟಿ ಮಾಡಲು ಕಳೆದ ವರ್ಷದ್ದನ್ನು ತೆರೆಯುತ್ತಾರೆ. ಅಂಕಿಗಳನ್ನು ಬದಲಿಸುತ್ತಾ ಹೋಗಿ, ಎಲ್ಲ ಮುಗಿದ ಮೇಲೆ ಬೇರೆ ಹೆಸರಿನಲ್ಲಿ ಸೇವ್ ಮಾಡಿದರಾಯಿತು ಎಂದುಕೊಳ್ಳುತ್ತಾರೆ. ಆಟೊಸೇವ್ ಇಲ್ಲದ ಕಾಲದಲ್ಲಿ ಇದರಿಂದ ತೊಂದರೆಯಿರಲಿಲ್ಲ. ಈಗ ಮೊದಲ ಅಂಕಿ ಬದಲಿಸಿದ ಕ್ಷಣದಿಂದಲೇ ಕಳೆದ ವರ್ಷದ ಫೈಲು ಬದಲಾಗಿಬಿಟ್ಟಿರುತ್ತದೆ. ಕಳೆದ ಮಹಾಸಭೆಯಲ್ಲಿ ಏನು ತೋರಿಸಿದ್ದಿರಿ ಎಂದು ಷೇರುದಾರರೊಬ್ಬರು ಕೇಳಿದರೆ ತೋರಿಸಲು ಫೈಲು ಇರುವುದಿಲ್ಲ.

ಇಲ್ಲಿಯೂ Restore ಬೇಡ, ಏಕೆಂದರೆ ನಮಗೆ ಹಳೆಯದೂ ಬೇಕು, ಹೊಸದೂ ಬೇಕು. ಮೊದಲು ಈಗಿನ ಫೈಲನ್ನು File ಪಟ್ಟಿಯ Save a Copy ಬಳಸಿ ಹೊಸ ವರ್ಷದ ಹೆಸರಿನಲ್ಲಿ ಉಳಿಸಿಕೊಳ್ಳಿ. ಆಮೇಲೆ Version History ತೆರೆದು, ಕಳೆದ ಸಭೆಯ ದಿನಾಂಕದ ಆವೃತ್ತಿಯನ್ನು ಹುಡುಕಿ, ಅದನ್ನೂ ಬೇರೆ ಹೆಸರಿನಲ್ಲಿ ಪ್ರತಿ ಮಾಡಿಟ್ಟುಕೊಳ್ಳಿ. ಪವರ್‌ಪಾಯಿಂಟ್ ಒಳಗೆ ಪಟ್ಟಿ ಕಾಣದಿದ್ದರೆ ಬ್ರೌಸರಿನಲ್ಲಿ ಒನ್‌ಡ್ರೈವ್ ತೆರೆದು, ಫೈಲಿನ ಮೇಲೆ ಬಲ ಗುಂಡಿ ಒತ್ತಿ Version history ಆರಿಸಿದರೂ ಇದೇ ಪಟ್ಟಿ ಬರುತ್ತದೆ.

ಆದರೆ ಈ ತಪ್ಪಿಗೆ ಗಡುವಿದೆ. ವೈಯಕ್ತಿಕ ಮೈಕ್ರೋಸಾಫ್ಟ್ ಖಾತೆಯಲ್ಲಿ ಕೊನೆಯ 25 ಆವೃತ್ತಿಗಳು ಮಾತ್ರ ಸಿಗುತ್ತವೆ. ಮೂವರು ಸೇರಿ ಕೆಲವು ದಿನ ತಿದ್ದಿದರೆ ಅಷ್ಟೂ ತುಂಬಿ, ಕಳೆದ ವರ್ಷದ ಆವೃತ್ತಿ ಪಟ್ಟಿಯ ಬುಡದಿಂದ ಉದುರಿಹೋಗುತ್ತದೆ. ಕಚೇರಿ ಅಥವಾ ಕಾಲೇಜಿನ ಖಾತೆಯಾದರೆ ಸಾಮಾನ್ಯವಾಗಿ ಇದಕ್ಕಿಂತ ಬಹಳ ಹೆಚ್ಚು ಆವೃತ್ತಿಗಳು ಉಳಿಯುತ್ತವೆ, ಎಷ್ಟು ಎಂಬುದನ್ನು ಅಲ್ಲಿನ ವ್ಯವಸ್ಥಾಪಕರು ನಿಗದಿಪಡಿಸಿರುತ್ತಾರೆ. ಯಾವ ಖಾತೆಯೇ ಆಗಲಿ, ತಪ್ಪು ಗೊತ್ತಾದ ದಿನವೇ ಹಳೆಯದನ್ನು ಹೊರತೆಗೆದಿಟ್ಟುಕೊಳ್ಳಬೇಕು.

ಗೂಗಲ್ ಸ್ಲೈಡ್ಸ್‌ನಲ್ಲಿ

ಗೂಗಲ್ ಸ್ಲೈಡ್ಸ್ ಬಳಸುವವರಿಗೂ ತತ್ವ ಇದೇ, ಗುಂಡಿಗಳ ಹೆಸರು ಮಾತ್ರ ಬೇರೆ. File ಪಟ್ಟಿಯಲ್ಲಿ Version history, ಅದರೊಳಗೆ See version history. ವಿಂಡೋಸ್‌ನಲ್ಲಿ Ctrl+Alt+Shift+H ಒತ್ತಿದರೂ ಆಗುತ್ತದೆ. ಬಲಗಡೆಯ ಪಟ್ಟಿಯಲ್ಲಿ ಬದಲಿಸಿದ ಒಬ್ಬೊಬ್ಬರಿಗೂ ಒಂದೊಂದು ಬಣ್ಣ. ಒಂದು ಆವೃತ್ತಿಯ ಪಕ್ಕದ ಬಾಣದ ಗುರುತನ್ನು ಒತ್ತಿದರೆ ಅದರೊಳಗಿನ ಇನ್ನೂ ಸಣ್ಣ ಹಂತಗಳು ಬಿಚ್ಚಿಕೊಳ್ಳುತ್ತವೆ.

ಇಲ್ಲಿ ಇಡೀ ಫೈಲನ್ನು ಹಿಂದಕ್ಕೆ ಒಯ್ಯುವ ಗುಂಡಿ Restore this version. ಕೆಲವೇ ಸ್ಲೈಡುಗಳು ಬೇಕಿದ್ದರೆ, ಆ ಆವೃತ್ತಿಯ ಪಕ್ಕದ ಮೂರು ಚುಕ್ಕೆಗಳನ್ನು ಒತ್ತಿ Make a copy ಆರಿಸಿ. ಹಳೆಯ ಆವೃತ್ತಿ ಪ್ರತ್ಯೇಕ ಫೈಲಾಗಿ ಹುಟ್ಟುತ್ತದೆ. ನಂತರ ಈಗಿನ ಪಿಪಿಟಿಗೆ ಬಂದು File ಪಟ್ಟಿಯ Import slides ಮೂಲಕ ಆ ಪ್ರತಿಯಿಂದ ಬೇಕಾದ ಸ್ಲೈಡುಗಳನ್ನಷ್ಟೇ ಆರಿಸಿ ತರಬಹುದು. Keep original theme ಎಂಬಲ್ಲಿ ಟಿಕ್ ಇರಲಿ.

ಗೂಗಲ್‌ನ ಒಂದು ಸೌಕರ್ಯವನ್ನು ಎಲ್ಲರೂ ಬಳಸಿಕೊಳ್ಳಬೇಕು. ಅದೇ ಪಟ್ಟಿಯ Name current version ಒತ್ತಿ ‘ಆಡಿಟ್ ಅಂಕಿ ಹಾಕಿದ ಮೇಲೆ’, ‘ಆಡಳಿತ ಮಂಡಳಿ ಒಪ್ಪಿದ್ದು’ ಎಂದು ಹೆಸರಿಟ್ಟರೆ, ಮುಂದೆ ಹುಡುಕುವಾಗ ಗಂಟೆ ನಿಮಿಷಗಳ ನಡುವೆ ತಡಕಾಡಬೇಕಿಲ್ಲ. ಜಾಗ ಉಳಿಸಲು ಗೂಗಲ್ ಆಗಾಗ ಸಣ್ಣ ಹಂತಗಳನ್ನು ಒಟ್ಟುಗೂಡಿಸುವುದುಂಟು. ಆದ್ದರಿಂದ ಮುಖ್ಯವಾದ ಘಟ್ಟಕ್ಕೆ ಹೆಸರಿಟ್ಟಿರುವುದು ಲೇಸು.

ಇದರ ಮಿತಿಗಳೂ ಗೊತ್ತಿರಲಿ. ತಿದ್ದುವ ಅನುಮತಿ ಇರುವವರಿಗೆ ಮಾತ್ರ ಈ ಇತಿಹಾಸ ಕಾಣುತ್ತದೆ. ಫೈಲಿನ ಪ್ರತಿ ಮಾಡಿದರೆ ಆ ಪ್ರತಿಯ ಇತಿಹಾಸ ಅಲ್ಲಿಂದಲೇ ಶುರು, ಮೂಲದ ಇತಿಹಾಸ ಅದರೊಂದಿಗೆ ಬರುವುದಿಲ್ಲ. ಇನ್ನು .pptx ಫೈಲನ್ನು ಡ್ರೈವ್‌ಗೆ ಹಾಗೆಯೇ ಏರಿಸಿ, ಅದರ ಮೇಲೆ ಹೊಸ ಪ್ರತಿಗಳನ್ನು ಏರಿಸುತ್ತಿದ್ದರೆ ಲೆಕ್ಕವೇ ಬೇರೆ. ಅಲ್ಲಿ Keep forever ಎಂದು ಗುರುತು ಮಾಡದಿದ್ದರೆ, 30 ದಿನ ಕಳೆದ ಮೇಲೆ ಅಥವಾ 100 ಆವೃತ್ತಿ ದಾಟಿದ ಮೇಲೆ ಹಳೆಯವು ಅಳಿಸಿಹೋಗಬಹುದು.

ಇತಿಹಾಸವೇ ಇಲ್ಲದ ಫೈಲು

ಪೆನ್‌ಡ್ರೈವ್‌ನಲ್ಲಿರುವ, ವಾಟ್ಸ್‌ಆ್ಯಪ್‌ನಲ್ಲಿ ಬಂದ, ಕಂಪ್ಯೂಟರಿನ ಡೆಸ್ಕ್‌ಟಾಪ್‌ನಲ್ಲಷ್ಟೇ ಕೂತಿರುವ ಪಿಪಿಟಿಗೆ ಮೇಲಿನ ಯಾವ ಪಟ್ಟಿಯೂ ಇರುವುದಿಲ್ಲ. ಅಂಥ ಫೈಲು ಕೆಟ್ಟರೆ ಅದೇ ಪಿಪಿಟಿಯನ್ನು ಹಿಂದೆ ಯಾರಿಗೆ ಕಳಿಸಿದ್ದೆವು ಎಂದು ಯೋಚಿಸಬೇಕು. ಕಳಿಸಿದ ಮೇಲ್‌ಗಳಲ್ಲಿ, ವಾಟ್ಸ್‌ಆ್ಯಪ್ ಗುಂಪಿನಲ್ಲಿ, ಪ್ರೊಜೆಕ್ಟರಿಗೆ ಜೋಡಿಸಿದ ಲ್ಯಾಪ್‌ಟಾಪಿನಲ್ಲಿ ಒಂದು ಪ್ರತಿ ಉಳಿದಿರುವ ಸಾಧ್ಯತೆ ಇರುತ್ತದೆ. ಇಡೀ ಫೈಲೇ ಅಳಿಸಿಹೋಗಿದ್ದು, ಅದು ವೈಯಕ್ತಿಕ ಒನ್‌ಡ್ರೈವ್‌ನಲ್ಲಿದ್ದರೆ, ಅಲ್ಲಿನ Recycle bin ಒಳಗೆ 30 ದಿನಗಳವರೆಗೆ ಸಿಗುತ್ತದೆ.

ಹಲವರು ಸೇರಿ ಮಾಡುವ ಪಿಪಿಟಿಗೆ ಎರಡು ಕಟ್ಟುಪಾಡು ಹಾಕಿಕೊಂಡರೆ ಇಷ್ಟೆಲ್ಲ ಓಡಾಟದಲ್ಲಿ ಬಹುಪಾಲು ತಪ್ಪುತ್ತದೆ. ಒಂದು, ಕಳೆದ ವರ್ಷದ ಫೈಲು ತೆರೆದ ಕೂಡಲೇ, ಒಂದಕ್ಷರ ಟೈಪ್ ಮಾಡುವ ಮುಂಚೆ, ಹೊಸ ಹೆಸರಿನಲ್ಲಿ ಪ್ರತಿ ಮಾಡಿಕೊಳ್ಳುವುದು. ಎರಡು, ಎಲ್ಲ ಸ್ಲೈಡುಗಳನ್ನೂ ಒಟ್ಟಿಗೆ ಮುಟ್ಟುವ ಕೆಲಸಕ್ಕೆ ಕೈ ಹಾಕುವ ಮುನ್ನ, ಅಂದರೆ ಫಾಂಟ್ ಬದಲಿಸುವ, ಥೀಮ್ ಬದಲಿಸುವ, ಸ್ಲೈಡುಗಳನ್ನು ಗುಂಪಾಗಿ ಅಳಿಸುವ ಮುನ್ನ, ಉಳಿದವರಿಗೆ ಹೇಳಿ ಒಂದು ಪ್ರತಿ ಎತ್ತಿಡುವುದು.

ಅಷ್ಟಾದರೂ ತಪ್ಪು ನಡೆದೇ ನಡೆಯುತ್ತದೆ. ಆಗ ಕೇಳಬೇಕಾದ ಪ್ರಶ್ನೆಗಳು ಎರಡೇ: ಇದು ಕೆಟ್ಟದ್ದು ಎಷ್ಟು ಹೊತ್ತಿಗೆ? ಅಲ್ಲಿಂದ ಈಚೆಗೆ ಇದರಲ್ಲಿ ಬೇರೆ ಯಾರು ಕೆಲಸ ಮಾಡಿದ್ದಾರೆ? ಮೊದಲ ಉತ್ತರ ಯಾವ ಆವೃತ್ತಿ ತೆರೆಯಬೇಕೆಂದು ಹೇಳುತ್ತದೆ. ಎರಡನೆಯದಕ್ಕೆ ‘ಯಾರೂ ಇಲ್ಲ’ ಎಂದು ಬಂದರೆ Restore ಒತ್ತಬಹುದು. ಒಂದೇ ಒಂದು ಹೆಸರು ಬಂದರೂ ಸ್ಲೈಡುಗಳನ್ನು ಎಣಿಸಿ ಎತ್ತಿ ತರುವುದೇ ಸರಿ.